ಸೋಡಿಯಂನ ಒಂದು ಗೆರೆ ನಾಲ್ಕಾಗುವ ಬಗೆ

1896ರಲ್ಲಿ ಪೀಟರ್ ಝೀಮನ್ ಕಾಂತಕ್ಷೇತ್ರದಲ್ಲಿ ಅಗಲವಾಗುವುದನ್ನು ಕಂಡ ಸೋಡಿಯಂನ ಹಳದಿ ಗೆರೆಗಳಲ್ಲಿ ಒಂದರ ತರಂಗದೂರ 589.6 ನ್ಯಾನೊಮೀಟರ್. ಇದು ಹೊರಡುವ ಮೇಲಿನ ಶಕ್ತಿಮಟ್ಟವೂ ಸೇರುವ ಕೆಳಗಿನ ಮಟ್ಟವೂ ಕ್ಷೇತ್ರದಲ್ಲಿ m = ±1/2 ಎಂಬ ಎರಡೆರಡು ಉಪಮಟ್ಟಗಳಾಗಿ ಸೀಳುತ್ತವೆ. ಪ್ರತಿಯೊಂದೂ ಸರಿಯುವ ಪ್ರಮಾಣ ΔE = g m μ<sub>B</sub> B; ಇಲ್ಲಿ μ<sub>B</sub> ಬೋರ್ ಮ್ಯಾಗ್ನೆಟಾನ್, B ಕ್ಷೇತ್ರದ ಬಲ.

ಕೆಳಮಟ್ಟದಲ್ಲಿ ಎಲೆಕ್ಟ್ರಾನಿನ ಸ್ಪಿನ್ ಮಾತ್ರ ಲೆಕ್ಕಕ್ಕೆ ಬರುವುದರಿಂದ g = 2. ಮೇಲ್ಮಟ್ಟದಲ್ಲಿ ಕಕ್ಷೆಯ ಚಲನೆಯೂ ಸೇರಿ g = 2/3. ಹೀಗಾಗಿ μ<sub>B</sub>B ಮಾನದಲ್ಲಿ ಕೆಳಗಿನದು ±1, ಮೇಲಿನದು ±1/3 ಸರಿಯುತ್ತದೆ. ಗೆರೆಗಳು ±2/3 ಮತ್ತು ±4/3ರಲ್ಲಿ, ಒಟ್ಟು ನಾಲ್ಕು. ಮೂಲ ಜಾಗದಲ್ಲಿ ಗೆರೆಯೇ ಇಲ್ಲ! ಎರಡು g ಸಮವಾಗಿದ್ದರೆ ಈ ವಿಚಿತ್ರ ಇರುತ್ತಿರಲಿಲ್ಲ.

ಸೀಳು ಎರಡು ಹಳದಿ ಗೆರೆಗಳ ಅಂತರಕ್ಕಿಂತ ತೀರ ಕಿರಿದಾಗಿರುವವರೆಗೆ ಮಾತ್ರ ಈ ಲೆಕ್ಕ ಸರಿ. ಆ ಅಳತೆಯಲ್ಲಿ 1 ಟೆಸ್ಲಾ ಕೂಡ ದುರ್ಬಲ ಕ್ಷೇತ್ರವೇ.