ತೆಳು ಗಾಜಿಗೆ ಹೆಚ್ಚು ದುಡ್ಡು ಕೊಡಬೇಕೇ?

ಕನ್ನಡಕದ ಅಂಗಡಿ ಮುಂಬೈಯದಾಗಲಿ ಚೆನ್ನೈಯದಾಗಲಿ, ಫ್ರೇಮ್ ಆರಿಸಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಮಾಮೂಲಿ ಗಾಜು ಸಾಕೇ, ತೆಳುವಾದದ್ದು ಹಾಕಲೇ?" ತೆಳು ಗಾಜಿನ ಬೆಲೆ ಹೆಚ್ಚು. ಅದು ನಮಗೆ ಬೇಕೋ ಬೇಡವೋ ಎಂಬುದನ್ನು ಕಣ್ಣಿನ ಡಾಕ್ಟರು ಕೊಟ್ಟ ಚೀಟಿಯಿಂದಲೇ ತಿಳಿಯಬಹುದು. ಪಿಯುಸಿಯಲ್ಲಿ ಓದಿದ ಮಸೂರದ ಸೂತ್ರವನ್ನು ಸ್ವಲ್ಪ ನೆನಪಿಸಿಕೊಂಡರೆ ಸಾಕು.

ಚೀಟಿಯಲ್ಲಿ −2.50 ಎಂದಿದೆ ಎನ್ನೋಣ. ಅದು ಡಯಾಪ್ಟರ್‌ಗಳಲ್ಲಿ ಹೇಳಿದ ಮಸೂರದ ಸಾಮರ್ಥ್ಯ. 1ನ್ನು ಮೀಟರಿನಲ್ಲಿರುವ ಸಂಗಮ ದೂರದಿಂದ ಭಾಗಿಸಿದರೆ ಡಯಾಪ್ಟರ್ ಸಿಗುತ್ತದೆ. ಈ ಕಣ್ಣಿಗೆ 40 ಸೆಂ.ಮೀ.ವರೆಗೆ ಸ್ಪಷ್ಟ, ಅದರಾಚೆ ಮಸುಕು. ಇದು ಸಮೀಪ ದೃಷ್ಟಿ. ದೂರದ ಬಸ್ಸಿನ ಬೋರ್ಡಿನ ಬಿಂಬವನ್ನು 40 ಸೆಂ.ಮೀ.ಗೆ ತಂದು ನಿಲ್ಲಿಸುವ ಮಸೂರ ಬೇಕು. 1 ÷ 0.4 ಅಂದರೆ 2.5, ಬೆಳಕನ್ನು ಚದುರಿಸುವ ನಿಮ್ನ ಮಸೂರವಾದ್ದರಿಂದ ಋಣ ಚಿಹ್ನೆ.

ದೂರ ದೃಷ್ಟಿಯ ಕಣ್ಣಿನದು ಇದಕ್ಕೆ ತಿರುಗುಮುರುಗು. 1 ಮೀಟರಿಗಿಂತ ಹತ್ತಿರದ್ದು ಅದಕ್ಕೆ ಕಾಣದು ಎನ್ನಿ. 25 ಸೆಂ.ಮೀ.ನಲ್ಲಿ ಹಿಡಿದ ಪುಸ್ತಕ 1 ಮೀಟರಿನಲ್ಲಿರುವಂತೆ ತೋರಬೇಕು: 1/0.25 − 1/1 = 4 − 1, ಅಂದರೆ +3.00.

ಈ ಸಾಮರ್ಥ್ಯ ಗಾಜಿಗೆ ಬರುವುದು ಎರಡು ಕಾರಣಗಳಿಂದ. ಒಂದು, ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆ ಎನ್ನುವ ವಕ್ರೀಭವನ ಸೂಚ್ಯಂಕ n. ಇನ್ನೊಂದು, ಮುಂದಿನ ಮತ್ತು ಹಿಂದಿನ ಮೈಗಳ ವಕ್ರತಾ ತ್ರಿಜ್ಯಗಳು R₁, R₂.

P = (n − 1)(1/R₁ − 1/R₂)

ಮಾಮೂಲಿ ಪ್ಲಾಸ್ಟಿಕ್ ಗಾಜಿನ n ಸುಮಾರು 1.5. ಕನ್ನಡಕದ ಮಸೂರದ ಎರಡೂ ಮೈಗಳು ಕಣ್ಣಿನ ಕಡೆಗೇ ಬಾಗಿರುತ್ತವೆ. ಆದ್ದರಿಂದ ಎರಡು ತ್ರಿಜ್ಯಗಳೂ ಧನ. ಮುಂದಿನ ತ್ರಿಜ್ಯ 12.5 ಸೆಂ.ಮೀ. ಆದರೆ 1/R₁ = 8. −2.5 ಬರಬೇಕಾದರೆ ಆವರಣದೊಳಗಿನದು −5 ಆಗಬೇಕು. ಹಾಗಾಗಿ 1/R₂ = 13, ಹಿಂದಿನ ತ್ರಿಜ್ಯ ಸುಮಾರು 7.7 ಸೆಂ.ಮೀ. ಹಿಂದಿನ ಮೈ ಹೆಚ್ಚು ಬಾಗಿರುವುದರಿಂದಲೇ ಅಂಚು ದಪ್ಪವಾಗುತ್ತದೆ.

'ತೆಳು ಗಾಜು' ಎಂದರೆ n ಹೆಚ್ಚಿರುವ ವಸ್ತು, ಉದಾಹರಣೆಗೆ 1.67. ಆಗ −2.5 ಅನ್ನು 0.67ರಿಂದ ಭಾಗಿಸಬೇಕು, −5ರ ಬದಲು −3.73 ಸಾಕು. ಬಾಗು ಕಡಿಮೆ, ಅಂಚೂ ತೆಳು. ಎಷ್ಟು ತೆಳು? ಈ ಆವರಣದ ಬೆಲೆಯನ್ನು ಗಾಜಿನ ಅರ್ಧ ಅಗಲದ ವರ್ಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ, ನಡುವಿಗಿಂತ ಅಂಚು ಎಷ್ಟು ದಪ್ಪ ಎಂಬ ಅಂದಾಜು ಸಿಗುತ್ತದೆ. 50 ಮಿ.ಮೀ. ಅಗಲದ ದುಂಡು ಗಾಜಿಗೆ ಮಾಮೂಲಿಯಲ್ಲಿ 1.6 ಮಿ.ಮೀ., ತೆಳುವಿನಲ್ಲಿ 1.2. ಉಳಿದದ್ದು ಅರ್ಧ ಮಿಲಿಮೀಟರೂ ಇಲ್ಲ. ಅದೇ ಮಾಮೂಲಿ ಗಾಜನ್ನು 40 ಮಿ.ಮೀ. ಅಗಲದ ಚಿಕ್ಕ ಫ್ರೇಮಿಗೆ ಹಾಕಿದರೆ 1 ಮಿ.ಮೀ. ಮಾತ್ರ! ಫ್ರೇಮ್ ಚಿಕ್ಕದಾದರೆ ದುಬಾರಿ ಗಾಜಿಗಿಂತ ಹೆಚ್ಚು ಲಾಭ. −6.00 ನಂಬರಿಗೆ 50 ಮಿ.ಮೀ. ಗಾಜಿನಲ್ಲಿ ವ್ಯತ್ಯಾಸ 3.75ರಿಂದ 2.8ಕ್ಕೆ ಇಳಿಯುತ್ತದೆ, ಸುಮಾರು 1 ಮಿ.ಮೀ. ಕಣ್ಣಿಗೂ ಮೂಗಿಗೂ ತಿಳಿಯುವಷ್ಟು. ಆದರೆ n ಹೆಚ್ಚಿರುವ ವಸ್ತುಗಳು ಸಾಮಾನ್ಯವಾಗಿ ಬಣ್ಣಗಳನ್ನು ಹೆಚ್ಚು ಬೇರ್ಪಡಿಸುತ್ತವೆ. ಗಾಜಿನ ಅಂಚಿನಿಂದ ನೋಡಿದಾಗ ದೀಪದ ಸುತ್ತ ಬಣ್ಣದ ಗೆರೆ ಕಾಣಬಹುದು.

ನಲವತ್ತು ದಾಟಿದ ಮೇಲೆ ಅದೇ ಚೀಟಿಯಲ್ಲಿ ಇನ್ನೊಂದು ಅಂಕಿ ಸೇರುತ್ತದೆ, ಓದಲು +1.50. ಇದೇ ನಮ್ಮ ಚಾಳೀಸು. ಒಂದಕ್ಕೊಂದು ಅಂಟಿಕೊಂಡ ತೆಳು ಮಸೂರಗಳ ಸಾಮರ್ಥ್ಯವನ್ನು ಕೂಡಿದರಾಯಿತು: −2.50 + 1.50 = −1.00. ಬೈಫೋಕಲ್‌ನ ಕೆಳಭಾಗ ಅಷ್ಟೇ. ಈ ನಂಬರಿನವರು ಕನ್ನಡಕ ತೆಗೆದು ಪೇಪರ್ ಓದುವುದೂ ಇದರಿಂದಲೇ, 40 ಸೆಂ.ಮೀ.ನಲ್ಲಿ ಹಿಡಿದ ಪೇಪರಿಗೆ ಆ ಕಣ್ಣು ಶ್ರಮಪಡಬೇಕಾಗಿಯೇ ಇಲ್ಲ.

ಕೂಡುವ ಈ ನಿಯಮದಿಂದ ಗಾಜನ್ನು ಪರೀಕ್ಷಿಸಲೂಬಹುದು. ಋಣ ಮಸೂರವನ್ನು ಕಣ್ಣಿನಿಂದ ಒಂದು ಗೇಣು ದೂರ ಹಿಡಿದು, ದೂರದ ಕಿಟಕಿಯನ್ನು ನೋಡುತ್ತಾ ಅಲ್ಲಾಡಿಸಿದರೆ ಕಿಟಕಿಯೂ ಅದೇ ದಿಕ್ಕಿಗೆ ಸರಿಯುತ್ತದೆ. ಅದಕ್ಕೆ +2.50ರ ಓದುವ ಕನ್ನಡಕವನ್ನು ಒತ್ತಿ ಹಿಡಿದರೆ ಚಲನೆ ನಿಲ್ಲಬೇಕು. ಮೊತ್ತ ಸೊನ್ನೆ. ನಿಲ್ಲದಿದ್ದರೆ ಅಂಗಡಿಯಲ್ಲಿ ಮತ್ತೆ ಅಳೆಸಿ.

ಮಸೂರಗಳ ನಡುವೆ ಅಂತರವಿದ್ದರೆ ಈ ಸರಳ ಕೂಡಿಕೆ ಸಾಲದು. ಕನ್ನಡಕ ಕಣ್ಣಿನಿಂದ ಸುಮಾರು 12 ಮಿ.ಮೀ. ದೂರ ಇರುತ್ತದೆ, ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನ ಮೇಲೇ. −2.50ಕ್ಕೆ ಬದಲಾಗಿ ಕಣ್ಣಿನ ಮೇಲೆ −2.43 ಬೇಕು; ನಂಬರುಗಳು 0.25ರ ಹೆಜ್ಜೆಯಲ್ಲಿ ಬರುವುದರಿಂದ ಅದು ಲೆಕ್ಕಕ್ಕಿಲ್ಲ. −8.00 ಕನ್ನಡಕದವರಿಗೆ ಮಾತ್ರ −7.30 ಬೇಕಾಗುತ್ತದೆ. ಅಂಥವರು ಕನ್ನಡಕದ ಚೀಟಿ ತೋರಿಸಿ ಕಾಂಟ್ಯಾಕ್ಟ್ ಲೆನ್ಸ್ ಕೊಳ್ಳಬಾರದು. ಅದಕ್ಕೆ ಬೇರೆಯೇ ಚೀಟಿ ಬರೆಸಿಕೊಳ್ಳಬೇಕು.