ಕೋಣೆ ಬಿಟ್ಟು ಹೋಗದ ಕ್ಯಾಮೆರಾ

ನಾಟಕವೊಂದು ಸಿನಿಮಾ ಆದ ಕೂಡಲೇ ಅದರ ಮೇಲೆ ಬರುವ ಒಂದು ದೂರು ಗೊತ್ತಿರುವುದೇ: ‘ರಂಗಸ್ಥಳದ ಮುಂದೆ ಕ್ಯಾಮೆರಾ ಇಟ್ಟು ಹಿಡಿದ ಹಾಗಿದೆ.’ ಈ ಮಾತಿಗೆ ಹೆದರಿಯೇ ಎಷ್ಟೋ ನಿರ್ದೇಶಕರು ನಾಲ್ಕು ಗೋಡೆಯ ನಡುವಿನ ಕಥೆಯನ್ನು ಬೀದಿಗೆ ಎಳೆದು ತರುತ್ತಾರೆ. ನಾಟಕದಲ್ಲಿ ಒಬ್ಬ ಬಾಗಿಲು ತೆರೆದು ಒಳಗೆ ಬರುತ್ತಾನೆ, ಅಷ್ಟೇ. ಸಿನಿಮಾದಲ್ಲಿ ಅವನ ಟ್ಯಾಕ್ಸಿ ಬಂದು ನಿಲ್ಲಬೇಕು, ಅವನು ಬಾಡಿಗೆ ಕೊಡಬೇಕು, ಮೆಟ್ಟಿಲು ಹತ್ತಬೇಕು, ಬಾಗಿಲು ಬಡಿಯಬೇಕು. ಆಮೇಲೆ ಕೋಣೆಯೊಳಗೆ ಬಂದರೆ ಅಲ್ಲಿ ನಡೆಯುವುದು ಅದೇ ನಾಟಕ, ಅದೇ ಮಾತು. ಫ್ರೆಂಚ್ ನಿರ್ದೇಶಕ ತ್ರೂಫೋ ಜೊತೆಗಿನ ಪ್ರಸಿದ್ಧ ಸಂದರ್ಶನದಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ಗೇಲಿ ಮಾಡಿದ್ದು ಇಂಥ ಟ್ಯಾಕ್ಸಿಯನ್ನೇ. ನಾಟಕದ ಬಲ ಇರುವುದು ಅದರ ಬಿಗಿಯಲ್ಲಿ, ಹೊರಗೆ ಓಡಾಡಿಸಿದರೆ ಆ ಬಿಗಿ ಸಡಿಲಾಗುತ್ತದೆ ಎಂಬುದು ಅವರ ವಾದ.

ಆ ವಾದ ನಿಜವೋ ಅಲ್ಲವೋ ನೋಡಲು ಅವರದೇ ‘ಡಯಲ್ ಎಂ ಫಾರ್ ಮರ್ಡರ್’ ಸಾಕು. ಫ್ರೆಡರಿಕ್ ನಾಟ್ ಬರೆದ ಈ ನಾಟಕ 1952ರಲ್ಲಿ ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ರಂಗಕ್ಕೆ ಬಂತು, 1954ರಲ್ಲಿ ಸಿನಿಮಾ ಆಯಿತು. ಚಿತ್ರಕಥೆ ಬರೆದದ್ದೂ ನಾಟ್ ಅವರೇ. ಕಥೆ ನಡೆಯುವುದು ಲಂಡನ್ನಿನ ಒಂದು ಮನೆಯ ನಡುಕೋಣೆಯಲ್ಲಿ. ಟೆನಿಸ್ ಬಿಟ್ಟ ಟೋನಿಗೆ ಹೆಂಡತಿ ಮಾರ್ಗಟ್‌ಳ ಹಣ ಬೇಕು, ಅವಳಿಗೊಬ್ಬ ಪ್ರಿಯಕರನಿದ್ದ ಎಂಬ ಸಿಟ್ಟೂ ಇದೆ. ಹಳೆಯ ಪರಿಚಯದ ಸ್ವಾನ್ ಎಂಬ ಪುಂಡನನ್ನು ಕರೆಸಿ ಕೊಲೆ ಒಪ್ಪಿಸುತ್ತಾನೆ. ಮಹಡಿ ಮೆಟ್ಟಿಲಿನ ಕಾರ್ಪೆಟ್ಟಿನಡಿ ಬೀಗದ ಕೈ ಇಟ್ಟಿರುತ್ತೇನೆ, ಬಾಗಿಲು ತೆರೆದು ಪರದೆಯ ಹಿಂದೆ ನಿಂತಿರು, ನಾನು ಕ್ಲಬ್ಬಿನಿಂದ ಫೋನ್ ಮಾಡುತ್ತೇನೆ, ಅವಳು ಮಲಗುವ ಕೋಣೆಯಿಂದ ಎದ್ದು ಬಂದು ಮೇಜಿನ ಬಳಿ ನಿಲ್ಲುತ್ತಾಳೆ, ಆಗ ಕೆಲಸ ಮುಗಿಸು.

ಟೋನಿ ಈ ಯೋಜನೆ ವಿವರಿಸುವಾಗ ಕ್ಯಾಮೆರಾ ಇದ್ದಕ್ಕಿದ್ದಂತೆ ಛಾವಣಿಗೆ ಏರುತ್ತದೆ. ಮೇಲಿನಿಂದ ನೋಡಿದರೆ ಕೋಣೆ ನೆಲಕ್ಕೆ ಹಾಸಿದ ನಕ್ಷೆ: ಇಲ್ಲಿ ಬಾಗಿಲು, ಇಲ್ಲಿ ಪರದೆ, ಇಲ್ಲಿ ಫೋನಿನ ಮೇಜು. ನಾಟಕ ನೋಡುವವರಿಗೆ ಕೋಣೆ ಯಾವಾಗಲೂ ಎದುರಿನಿಂದ, ತಾವು ಕೂತ ಕುರ್ಚಿಯಷ್ಟು ದೂರದಿಂದ ಮಾತ್ರ ಕಾಣುತ್ತದೆ. ಈ ಎತ್ತರದ ನೋಟ ಅವರಿಗೆ ಎಂದೂ ಸಿಗದು. ಹೊರಗೆ ಒಂದು ಹೆಜ್ಜೆಯನ್ನೂ ಇಡದೆ ಹಿಚ್‌ಕಾಕ್ ಇಲ್ಲಿ ನಾಟಕವನ್ನು ಸಿನಿಮಾ ಮಾಡಿದ್ದಾರೆ. ಕೊಲೆಯ ರಾತ್ರಿ ನಮಗೆ ಯಾರೂ ಏನನ್ನೂ ಹೇಳಬೇಕಿಲ್ಲ, ಯಾರು ಎಲ್ಲಿ ನಿಂತರೆ ಏನಾಗುತ್ತದೆಂದು ಆಗಲೇ ಗೊತ್ತಿರುತ್ತದೆ.

ಹಾಗೆಂದು ಅವರು ಹೊರಗೆ ಹೋಗುವುದೇ ಇಲ್ಲವೆಂದಲ್ಲ. ಅದೇ ರಾತ್ರಿ ಕ್ಯಾಮೆರಾ ಕ್ಲಬ್ಬಿಗೆ ಹೋಗುತ್ತದೆ. ಊಟದ ಮೇಜಿನ ಬಳಿ ಕೂತ ಟೋನಿ ಗಡಿಯಾರ ನೋಡಿಕೊಳ್ಳುತ್ತಾನೆ, ಅದು ನಿಂತುಹೋಗಿದೆ. ಫೋನಿನ ಕಡೆ ಧಾವಿಸಿದರೆ ಅಲ್ಲಿ ಬೇರೊಬ್ಬರು ಮಾತಾಡುತ್ತಿದ್ದಾರೆ. ಇತ್ತ ಕೋಣೆಯಲ್ಲಿ ಸ್ವಾನ್ ಕಾದು ಬೇಸತ್ತು ಹೊರಡಲು ಬಾಗಿಲ ಕಡೆ ತಿರುಗಿದ್ದಾನೆ. ನಾಟಕದ ಪ್ರೇಕ್ಷಕರು ಈ ಕೋಣೆಯಲ್ಲಿ ಕೂತು ಫೋನ್ ಯಾವಾಗ ಬರುತ್ತದೋ ಎಂದು ಕಾಯಬೇಕು. ಸಿನಿಮಾದಲ್ಲಿ ಎರಡೂ ಕಡೆಯ ತವಕ ನಮ್ಮದೇ. ಇಲ್ಲೊಂದು ವಿಚಿತ್ರ ನಡೆಯುತ್ತದೆ: ಕೊಲೆಗಾರನ ಫೋನು ಬೇಗ ಸಿಗಲಪ್ಪಾ ಎಂದು ನಾವೇ ಹಂಬಲಿಸತೊಡಗುತ್ತೇವೆ! ನಂಬರು ತಿರುಗಿಸುವ ಬೆರಳನ್ನು ತೀರಾ ಹತ್ತಿರದಿಂದ ತೋರಿಸಲು ಅವರು ದೈತ್ಯ ಗಾತ್ರದ ಡಯಲನ್ನೂ ಅದಕ್ಕೆ ತಕ್ಕ ಬೆರಳನ್ನೂ ಮಾಡಿಸಿದ್ದರಂತೆ.

ಹೊರಗೆ ಹೋದರೂ ಕೋಣೆಯ ಕೆಲಸಕ್ಕಾಗಿಯೇ ಹೋಗುವುದು ಎಂಬ ಶಿಸ್ತು ಕೋರ್ಟಿನ ಭಾಗದಲ್ಲಿ ಇನ್ನೂ ಸ್ಪಷ್ಟ. ಮಾರ್ಗಟ್ ಕತ್ತರಿಯಿಂದ ಸ್ವಾನ್‌ನನ್ನು ತಿವಿದು ತಾನು ಬದುಕಿಕೊಳ್ಳುತ್ತಾಳೆ, ಆದರೆ ಟೋನಿಯ ಕೈವಾಡದಿಂದ ಕೊಲೆಯ ಆರೋಪ ಅವಳ ಮೇಲೇ ಬೀಳುತ್ತದೆ. ಬೇರೆಯವರಾಗಿದ್ದರೆ ಇಲ್ಲಿ ಕೋರ್ಟು ಕಟ್ಟಿಸಿ, ವಕೀಲರನ್ನು ನಿಲ್ಲಿಸಿ, ಹತ್ತು ನಿಮಿಷ ವಾದ ಮಾಡಿಸುತ್ತಿದ್ದರು. ಹಿಚ್‌ಕಾಕ್ ಗ್ರೇಸ್ ಕೆಲಿಯ ಮುಖವೊಂದನ್ನೇ ಖಾಲಿ ಹಿನ್ನೆಲೆಯ ಮುಂದೆ ನಿಲ್ಲಿಸಿದರು. ಹಿಂದೆ ಬಣ್ಣದ ಬೆಳಕು ಬದಲಾಗುತ್ತದೆ, ಮರೆಯಿಂದ ದನಿಗಳು ಕೇಳುತ್ತವೆ, ಶಿಕ್ಷೆ ಪ್ರಕಟವಾಗುತ್ತದೆ, ಮುಗಿಯಿತು. ಕೋರ್ಟಿನ ಸೆಟ್ ಹಾಕಿದ್ದರೆ ಇದು ಬೇರೆಯೇ ಕಥೆಯಾಗುತ್ತಿತ್ತು ಎಂದು ಅವರಿಗೆ ಅನ್ನಿಸಿತ್ತು.

ಕೋಣೆಗೆ ಇಷ್ಟು ನಿಷ್ಠೆ ಯಾಕೆಂದರೆ ಇಡೀ ಗಂಟು ಬಿಚ್ಚಿಕೊಳ್ಳುವುದು ಒಂದು ಬಾಗಿಲಿನಲ್ಲಿ. ಸ್ವಾನ್ ಸತ್ತ ಮೇಲೆ ಟೋನಿ ಅವನ ಜೇಬಿನಿಂದ ಬೀಗದ ಕೈ ತೆಗೆದು ಹೆಂಡತಿಯ ಚೀಲಕ್ಕೆ ಹಾಕಿದ್ದ. ಆದರೆ ಸ್ವಾನ್ ಬಾಗಿಲು ತೆರೆದ ಕೂಡಲೇ ಕೈಯನ್ನು ಕಾರ್ಪೆಟ್ಟಿನಡಿ ವಾಪಸ್ ಇಟ್ಟೇ ಒಳಗೆ ಬಂದಿದ್ದ. ಜೇಬಿನಲ್ಲಿದ್ದದ್ದು ಅವನ ಸ್ವಂತ ಮನೆಯದು. ಇನ್‌ಸ್ಪೆಕ್ಟರ್ ಹಬರ್ಡ್ ಇದನ್ನು ಹಿಡಿದು ಬಲೆ ಒಡ್ಡುತ್ತಾನೆ: ಚೀಲದಲ್ಲಿರುವ ಕೈ ಬಾಗಿಲಿಗೆ ಹೊಂದದಿದ್ದಾಗ, ಕಾರ್ಪೆಟ್ಟಿನಡಿ ಹುಡುಕುವವನೇ ಅಪರಾಧಿ. ಕೊನೆಯ ದೃಶ್ಯದಲ್ಲಿ ನಾವು ಒಳಗೆ ಕಾಯುವವರ ಜೊತೆಗಿರುತ್ತೇವೆ, ಹೊರಗೆ ಟೋನಿಯ ಹೆಜ್ಜೆ ದೂರವಾಗಿ, ನಿಂತು, ಮತ್ತೆ ಹತ್ತಿರ ಬರುತ್ತದೆ. ಹೆಜ್ಜೆಯ ಸದ್ದು ಚೆನ್ನಾಗಿ ಕೇಳಬೇಕೆಂದು ನಿಜವಾದ ನೆಲವನ್ನೇ ಹಾಸಿಸಿದ್ದಾಗಿ ಹಿಚ್‌ಕಾಕ್ ಹೇಳಿಕೊಂಡಿದ್ದಾರೆ. ಅಲ್ಲಿಯವರೆಗೆ ಆ ಬಾಗಿಲು, ಆ ಮೆಟ್ಟಿಲು ನಮ್ಮ ಸ್ವಂತ ಮನೆಯಷ್ಟು ಪರಿಚಯವಾಗಿರದಿದ್ದರೆ ಈ ಕೆಲವು ಹೆಜ್ಜೆಗಳಿಗೆ ಯಾವ ಅರ್ಥವೂ ಇರುತ್ತಿರಲಿಲ್ಲ.

ಎಲ್ಲವೂ ಸರಿಹೋಗಿದೆ ಎನ್ನಲಾಗದು. ಚಿತ್ರ ತ್ರೀಡಿಯಲ್ಲಿ ತಯಾರಾಗಿತ್ತು. ಆಳ ತೋರಿಸಲು ಕ್ಯಾಮೆರಾವನ್ನು ನೆಲಮಟ್ಟಕ್ಕೆ ಇಳಿಸಬೇಕಿತ್ತು, ಅದಕ್ಕಾಗಿ ಸ್ಟುಡಿಯೋದಲ್ಲಿ ಗುಂಡಿ ತೋಡಿಸಿದರು. ತೆರೆಗೆ ಬರುವ ಹೊತ್ತಿಗೆ ತ್ರೀಡಿಯ ಗೀಳು ಇಳಿದು, ಹೆಚ್ಚಿನ ಕಡೆ ಮಾಮೂಲಿ ಪ್ರತಿಯೇ ಓಡಿತು. ಇವತ್ತು ಟಿವಿಯಲ್ಲಿ ನೋಡುವವರಿಗೆ ಮೇಜಿನ ದೀಪ, ಬಾಟಲಿಗಳು ಮಾತಾಡುವವರ ಮುಂದೆ ಸುಮ್ಮನೆ ಅಡ್ಡ ಬಂದಂತೆ ಕಂಡರೆ ಕಾರಣ ಇದು.

ಇದೇ ಪಾಠವನ್ನು ಎಲಿಯಾ ಕಜಾನ್ ಇನ್ನೊಂದು ದಾರಿಯಲ್ಲಿ ಕಲಿತರು. ಟೆನೆಸೀ ವಿಲಿಯಮ್ಸ್‌ರ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ನಾಟಕವನ್ನು 1947ರಲ್ಲಿ ರಂಗಕ್ಕೆ ತಂದವರು ಅವರೇ. ಸಿನಿಮಾಕ್ಕೆಂದು ಕೂತಾಗ ನಾಯಕಿ ಬ್ಲಾಂಶ್‌ಳ ಹಿಂದಿನ ಬದುಕನ್ನೆಲ್ಲ ಅವಳ ಊರಿನಲ್ಲೇ ತೋರಿಸುವ ಚಿತ್ರಕಥೆ ಮಾಡಿಸಿ, ಓದಿ ನೋಡಿ, ಬದಿಗಿಟ್ಟು ನಾಟಕಕ್ಕೇ ವಾಪಸಾದರು. ಬ್ಲಾಂಶ್ ತನ್ನ ಗತವನ್ನು ಮುಚ್ಚಿಡುವುದೇ ಕಥೆಯಾಗಿರುವಾಗ, ಅದನ್ನು ಮೊದಲೇ ತೆರೆದಿಟ್ಟರೆ ಉಳಿಯುವುದೇನು? ಅದರ ಬದಲು 1951ರ ಚಿತ್ರದಲ್ಲಿ ಸೆಟ್ಟಿನ ಗೋಡೆಗಳನ್ನು ಸರಿಸುವಂತೆ ಮಾಡಿಸಿ, ಕಥೆ ಮುಂದುವರಿದ ಹಾಗೆ ಮನೆಯನ್ನು ಸ್ವಲ್ಪಸ್ವಲ್ಪವೇ ಕಿರಿದಾಗಿಸುತ್ತ ಹೋದರು. ನೋಡುವವರಿಗೆ ಇದು ಗಮನಕ್ಕೆ ಬರುವುದಿಲ್ಲ, ಉಸಿರು ಕಟ್ಟಿದಂತಾಗುವುದು ಮಾತ್ರ ಅನುಭವಕ್ಕೆ ಬರುತ್ತದೆ.

ನಾಟ್ ಅವರ ನಾಟಕವನ್ನು ಆಮೇಲೆ ಬೇರೆಯವರೂ ಮುಟ್ಟಿದರು. ಹಿಂದಿಯಲ್ಲಿ ಮುಕುಲ್ ಆನಂದ್ 1985ರಲ್ಲಿ ‘ಐತಬಾರ್’ ಮಾಡಿದರು, ಅದರಲ್ಲಿ ಹಾಡುಗಳೂ ಸೇರಿಕೊಂಡವು. 1998ರ ಹಾಲಿವುಡ್ ಚಿತ್ರ ‘ಎ ಪರ್ಫೆಕ್ಟ್ ಮರ್ಡರ್’ ನ್ಯೂಯಾರ್ಕನ್ನೆಲ್ಲ ಸುತ್ತುತ್ತದೆ, ಅಲ್ಲಿ ಕೊಲೆಗೆ ಒಪ್ಪುವವನು ಪ್ರಿಯಕರನೇ. ಬೀಗದ ಕೈ ಅದರಲ್ಲೂ ಉಂಟು. ಆದರೆ ಕಥೆ ನಿಂತಿರುವುದು ದ್ರೋಹದ ಮೇಲೆ, ದುಡ್ಡಿನ ಮೇಲೆ. ಆ ಮನೆಯ ಬಾಗಿಲು ಎಲ್ಲಿತ್ತೆಂದು ಚಿತ್ರ ನೋಡಿ ಬಂದವರನ್ನು ಕೇಳಿದರೆ ಹೇಳಲು ತಡಕಾಡುತ್ತಾರೆ.