ಬಾತ ಕಾಲಿಗೆ ಪದೇ ಪದೇ ಸೋಂಕು: ಕಡಿಮೆ ಡೋಸ್ ಪೆನಿಸಿಲಿನ್ ಯಾರಿಗೆ, ಎಷ್ಟು ದಿನ?

ಮುಂಬೈ: ಮಳೆಗಾಲ ಬಂತೆಂದರೆ ಹಿಂದ್‌ಮಾತಾ, ಸಯಾನ್, ಅಂಧೇರಿ ಸಬ್‌ವೇಯಲ್ಲಿ ನೀರು ನಿಲ್ಲುವುದು ಮುಂಬೈಗೆ ಹೊಸದಲ್ಲ. ಆದರೆ ಆನೆಕಾಲು ರೋಗ, ಶಸ್ತ್ರಚಿಕಿತ್ಸೆ ಅಥವಾ ಬೇರೆ ಕಾರಣದಿಂದ ಕಾಲು ಬಾತವರಿಗೆ ಒದ್ದೆ ಬೂಟಿನಲ್ಲಿ ಕಳೆದ ಒಂದು ದಿನವೇ ಸಾಕು, ಚಳಿಜ್ವರದೊಂದಿಗೆ ಕಾಲು ಕೆಂಪಾಗಿ ಉರಿಯಬಹುದು. ಇದೇ ಸೆಲ್ಯುಲೈಟಿಸ್. ಒಮ್ಮೆ ಬಂದರೆ ಮತ್ತೆ ಮತ್ತೆ ಬರುವುದು ಇದರ ಸ್ವಭಾವ.

ಮತ್ತೆ ಮತ್ತೆ ಏಕೆ?

ಚರ್ಮದ ಕೆಳಗಿನ ದುಗ್ಧನಾಳಗಳು ಹೆಚ್ಚುವರಿ ದ್ರವವನ್ನೂ ಅದರೊಂದಿಗೆ ರೋಗಾಣುಗಳನ್ನೂ ಸಾಗಿಸುತ್ತವೆ. ಈ ನಾಳಗಳು ಹಾಳಾದಾಗ ದ್ರವ ಕಾಲಿನಲ್ಲೇ ನಿಲ್ಲುತ್ತದೆ. ಇದಕ್ಕೆ ಲಿಂಫೆಡಿಮಾ ಎನ್ನುತ್ತಾರೆ. ಅಲ್ಲಿಗೆ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಹೊಕ್ಕರೆ ತಡೆಯುವವರೇ ಇಲ್ಲ. ಪ್ರತಿ ಸೋಂಕೂ ಇನ್ನಷ್ಟು ನಾಳಗಳನ್ನು ಕೆಡಿಸುತ್ತದೆ. ಬಾವು ಹೆಚ್ಚಿ, ಮುಂದಿನ ಸೋಂಕಿಗೆ ದಾರಿ ಸುಲಭವಾಗುತ್ತದೆ.

ಬ್ಯಾಕ್ಟೀರಿಯಾ ಹೊಕ್ಕುವ ಬಾಗಿಲು ಹೆಚ್ಚಾಗಿ ಕಾಲ್ಬೆರಳುಗಳ ಸಂದು. ಅಲ್ಲಿ ಫಂಗಸ್‌ನಿಂದ ಚರ್ಮ ಬೆಳ್ಳಗಾಗಿ, ಮೆತ್ತಗಾಗಿ, ಸೀಳಿರುತ್ತದೆ. ನೋವಿಲ್ಲದ ಕಾರಣ ಯಾರೂ ನೋಡುವುದಿಲ್ಲ.

ಪೆನಿಸಿಲಿನ್ ಎಷ್ಟು ತಡೆಯುತ್ತದೆ?

ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ಪದೇ ಪದೇ ಕಾಲಿನ ಸೆಲ್ಯುಲೈಟಿಸ್ ಕಂಡ 274 ಜನರ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಒಂದು ವರ್ಷ ದಿನಕ್ಕೆರಡು ಬಾರಿ 250 ಮಿ.ಗ್ರಾಂ ಪೆನಿಸಿಲಿನ್ ವಿ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಡಲಾಯಿತು. ಆ ವರ್ಷದಲ್ಲಿ ಸೋಂಕು ಮರುಕಳಿಸಿದ್ದು ಪೆನಿಸಿಲಿನ್ ಪಡೆದವರಲ್ಲಿ ಶೇ 22, ಉಳಿದವರಲ್ಲಿ ಶೇ 37.

ಎರಡು ಮಿತಿಗಳೂ ಕಂಡವು. ಮಾತ್ರೆ ನಿಲ್ಲಿಸಿದ ಮೇಲೆ ರಕ್ಷಣೆ ಕ್ರಮೇಣ ಇಲ್ಲವಾಯಿತು. ತೂಕ ಹೆಚ್ಚಿರುವವರಲ್ಲಿ, ಕಾಲು ಮೊದಲೇ ಬಾತವರಲ್ಲಿ, ಹಲವು ಬಾರಿ ಸೋಂಕಾದವರಲ್ಲಿ ಫಲ ಕಡಿಮೆ. ಅಂದರೆ ಲಿಂಫೆಡಿಮಾ ಇರುವವರಿಗೆ ಮಾತ್ರೆಯೊಂದೇ ಸಾಲದು, ಬಾವು ಇಳಿಯಬೇಕು, ಬೆರಳ ಸಂದಿನ ಬಾಗಿಲೂ ಮುಚ್ಚಬೇಕು.

ಒಂದು ಉದಾಹರಣೆ

ಕುರ್ಲಾದಲ್ಲಿದ್ದು ಹೋಟೆಲ್‌ನಲ್ಲಿ ದಿನವಿಡೀ ನಿಂತು ದುಡಿಯುವ 50 ವರ್ಷದ ವ್ಯಕ್ತಿಯೊಬ್ಬರಿಗೆ ಬಲಗಾಲು ಬಾತಿದೆ ಎಂದುಕೊಳ್ಳಿ. ಜೂನ್‌ನಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಸೆಲ್ಯುಲೈಟಿಸ್ ಬಂದಿದೆ. ವರ್ಷಕ್ಕೆ ಎರಡು ಅಥವಾ ಹೆಚ್ಚು ಬಾರಿ ಬಂದರೆ ವೈದ್ಯರು ತಡೆ ಮಾತ್ರೆಯ ಬಗ್ಗೆ ಯೋಚಿಸುತ್ತಾರೆ.

ಮೊದಲು ಸೆಪ್ಟೆಂಬರ್‌ನ ಸೋಂಕಿಗೆ ಪೂರ್ಣ ಡೋಸ್ ಚಿಕಿತ್ಸೆ ಮುಗಿಯಬೇಕು. ಪೆನಿಸಿಲಿನ್ ಅಲರ್ಜಿ ಇದೆಯೇ ಎಂದು ವಿಚಾರಿಸಬೇಕು. ಇದ್ದರೆ ಬೇರೆ ಔಷಧ. ನಂತರ ಬೆಳಿಗ್ಗೆ, ರಾತ್ರಿ 250 ಮಿ.ಗ್ರಾಂ, ಖಾಲಿ ಹೊಟ್ಟೆಯಲ್ಲಿ. ಜತೆಗೆ ಬೆರಳ ಸಂದಿನ ಫಂಗಸ್‌ಗೆ ಕ್ರೀಮ್. ವರ್ಷದ ಬಳಿಕ ಮುಂದುವರಿಸಬೇಕೇ ಎಂದು ಮರುಪರಿಶೀಲನೆ. ಮಾತ್ರೆ ನಿಲ್ಲಿಸುವುದಾದರೆ ಮಳೆ ಶುರುವಾಗುವ ಹೊತ್ತಿನಲ್ಲೇ ಬೇಡವೇ ಎಂದು ವೈದ್ಯರನ್ನು ಕೇಳಬಹುದು.

ಮಾತ್ರೆ ನುಂಗುತ್ತಿರುವಾಗಲೇ ಕಾಲು ಕೆಂಪಾದರೆ? ತಡೆಯುವ ಡೋಸ್ ಸೋಂಕನ್ನು ಗುಣಪಡಿಸುವುದಿಲ್ಲ. ಅದನ್ನೇ ಎರಡು ಪಟ್ಟು ಮಾಡಿಕೊಳ್ಳದೆ ಅಂದೇ ವೈದ್ಯರನ್ನು ಕಾಣಬೇಕು.

ದಿನಕ್ಕೆ 10 ನಿಮಿಷ

ರಾತ್ರಿ ಮನೆಗೆ ಬಂದ ಮೇಲೆ ಶುದ್ಧ ನೀರು, ಸಾದಾ ಸೋಪಿನಿಂದ ಕಾಲು ತೊಳೆಯಿರಿ. ಮೆತ್ತನೆಯ ಹತ್ತಿ ಬಟ್ಟೆಯಿಂದ ಪ್ರತಿ ಬೆರಳ ಸಂದನ್ನೂ ಉಜ್ಜದೆ ಒತ್ತಿ ಒರೆಸಿ. ಬೆಳಕಿನಲ್ಲಿ ಸೀಳು, ಗಾಯ ನೋಡಿ. ಕಾಣದಿದ್ದರೆ ಮನೆಯವರ ಸಹಾಯ ಪಡೆಯಿರಿ. ಒಣ ಚರ್ಮಕ್ಕೆ ವ್ಯಾಸಲಿನ್ ಹಚ್ಚಿ, ಬೆರಳ ಸಂದಿಗೆ ಬೇಡ. ಅಲ್ಲಿ ಒಣಗಿರುವುದೇ ಮುಖ್ಯ.

ಬಾವು ಇಳಿಸಲು ಒತ್ತು ಕಾಲುಚೀಲ ನೆರವಾಗುತ್ತದೆ. ಆಸ್ಟ್ರೇಲಿಯಾದಲ್ಲಿ 84 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒತ್ತು ಚಿಕಿತ್ಸೆ ಪಡೆದವರ ಪೈಕಿ ಶೇ 15 ಮಂದಿಗೆ, ಪಡೆಯದವರ ಪೈಕಿ ಶೇ 40 ಮಂದಿಗೆ ಸೋಂಕು ಮರಳಿತ್ತು. ಆದರೆ ಅಳತೆ ವೈದ್ಯರೇ ಹೇಳಬೇಕು. ಕಾಲಿಗೆ ರಕ್ತ ಸಂಚಾರ ಕಡಿಮೆ ಇರುವವರಿಗೆ ಅದು ಅಪಾಯ.

ಈ ಗೊಂದಲ ಬೇಡ

ನೆರೆನೀರಿನಲ್ಲಿ ನಡೆದವರಿಗೆ ಮುಂಬೈಯಲ್ಲಿ ಕೊಡುವ ಡಾಕ್ಸಿಸೈಕ್ಲಿನ್ ಇಲಿಜ್ವರ ತಡೆಯಲು. ಅದನ್ನು ನುಂಗಿದೆ ಎಂದು ಪೆನಿಸಿಲಿನ್ ಬಿಡಬೇಡಿ. ಎರಡೂ ಕಾಲು ಒಟ್ಟಿಗೆ ಕೆಂಪಾಗಿ, ಜ್ವರವಿಲ್ಲದೆ ತುರಿಸುತ್ತಿದ್ದರೆ ಅದು ಸೆಲ್ಯುಲೈಟಿಸ್ ಆಗಿರುವ ಸಾಧ್ಯತೆ ಕಡಿಮೆ. ಆಂಟಿಬಯೋಟಿಕ್‌ಗೆ ಮೊದಲು ಚರ್ಮವೈದ್ಯರಿಗೆ ತೋರಿಸಿ.

ಕೆಂಪು ಬಣ್ಣದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿಟ್ಟರೆ ಹರಡುತ್ತಿದೆಯೇ ಎಂದು ತಿಳಿಯುತ್ತದೆ. ಚರ್ಮ ಕಪ್ಪಾದರೆ, ಗುಳ್ಳೆ ಎದ್ದರೆ, ತಡೆಯಲಾಗದ ನೋವು ಅಥವಾ ಮಂಪರು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.